ಜಗಳದ ನಡುವೆ ಬಿಡುವು: ಎದ್ದು ಹೋಗುವುದು ಹೇಗೆ, ವಾಪಸ್ ಬರುವುದು ಹೇಗೆ

ಜಗಳದ ನಡುವೆ ಎದ್ದು ಹೋಗುವುದು ನಮ್ಮ ಹಾಸನ, ಚಿಕ್ಕಮಗಳೂರು ಕಡೆಯ ಮನೆಗಳಿಗೆ ಹೊಸದೇನಲ್ಲ. ಗಂಡ ಬೈಕಿನ ಕೀ ಎತ್ತಿಕೊಂಡು ಪೇಟೆ ಕಡೆ ಹೊರಡುತ್ತಾನೆ, ಇಲ್ಲವೇ ಟಾರ್ಚ್ ಹಿಡಿದು ತೋಟಕ್ಕೆ ಇಳಿಯುತ್ತಾನೆ. ಹೆಂಡತಿ ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಾಳೆ. ಆಮೇಲೆ ಎರಡು ಮೂರು ದಿನ ಮಾತಿಲ್ಲ. ಕೊನೆಗೊಂದು ದಿನ "ಊಟಕ್ಕೆ ಬಡಿಸ್ಲಾ?" ಅನ್ನೋ ಮಾತು ಬಂದು ಎಲ್ಲ ಸರಿಹೋದ ಹಾಗೆ ಕಾಣುತ್ತದೆ. ಜಗಳ ಯಾವ ವಿಷಯಕ್ಕೆ ಶುರುವಾಗಿತ್ತೋ ಅದು ಮಾತ್ರ ಹಾಗೇ ಕೂತಿರುತ್ತದೆ.

ಎದ್ದು ಹೋಗುವುದು ತಪ್ಪಲ್ಲ. ಸರಿಯಾದ ಹೊತ್ತಿಗೆ ಎದ್ದು ಹೋಗುವುದೇ ಎಷ್ಟೋ ಸಲ ಒಳ್ಳೆಯದು. ಆದರೆ ಅದಕ್ಕೆ ಮೂರು ಷರತ್ತು ಬೇಕು. ಇಬ್ಬರೂ ಮೊದಲೇ ಒಪ್ಪಿರಬೇಕು, ವಾಪಸ್ ಬರುವ ಹೊತ್ತು ಹೇಳಿ ಹೋಗಬೇಕು, ಬಿಡುವು ಕೇಳಿದವರೇ ಮೊದಲು ವಾಪಸ್ ಬರಬೇಕು. ಹಾಸನದಲ್ಲಿ ದಂಪತಿಗಳ ಜೊತೆ ಕೂತು ಮಾತಾಡುವ ಕೆಲಸ ನನ್ನದು. ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರಿಗೆ ಎದ್ದು ಹೋಗುವುದು ಗೊತ್ತಿರುತ್ತದೆ. ವಾಪಸ್ ಬರುವ ದಾರಿ ಗೊತ್ತಿರುವುದಿಲ್ಲ.

ಮೈಯಲ್ಲಿ ಆಗುವುದೇನು

ಜಗಳ ಜೋರಾದಾಗ ಒಂದು ಘಟ್ಟ ಬರುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಕಿವಿ ಬಿಸಿಯಾಗುತ್ತದೆ, ಎದುರಿನವರ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗುವುದಿಲ್ಲ. ಮನಶ್ಶಾಸ್ತ್ರದವರು ಇದಕ್ಕೆ ಎಮೋಷನಲ್ ಫ್ಲಡಿಂಗ್ ಅನ್ನುತ್ತಾರೆ. ನಾನು ಸುಮ್ಮನೆ 'ಉಕ್ಕುವುದು' ಅಂತ ಬರೆಯುತ್ತೇನೆ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜಾನ್ ಗಾಟ್‌ಮನ್ ಮತ್ತು ರಾಬರ್ಟ್ ಲೆವೆನ್ಸನ್ 1980ರ ದಶಕದಲ್ಲಿ ಇದನ್ನು ಅಳೆದು ನೋಡಿದರು. ಗಂಡ ಹೆಂಡತಿಯನ್ನು ಎದುರುಬದುರು ಕೂರಿಸಿ, ಮೈಗೆ ತಂತಿ ಜೋಡಿಸಿ, ಮನೆಯಲ್ಲಿ ಜಗಳವಾಗುವ ವಿಷಯವನ್ನೇ ಮಾತಾಡಿಸಿದರು. ಮಾತು ನಡೆಯುವಾಗ ಎದೆಬಡಿತ ಎಷ್ಟು, ಬೆವರು ಎಷ್ಟು ಅಂತ ದಾಖಲಾಗುತ್ತಾ ಹೋಯಿತು. ಗಾಟ್‌ಮನ್ ಅವರು ಕೊಡುವ ಗುರುತು ಹೀಗಿದೆ: ಕೂತಲ್ಲೇ ಕೂತಿದ್ದರೂ ಎದೆಬಡಿತ ನಿಮಿಷಕ್ಕೆ 100 ದಾಟಿದರೆ ಆ ಮನುಷ್ಯ ಉಕ್ಕಿದ್ದಾನೆ ಅಂತ ಲೆಕ್ಕ. ಆ ಸ್ಥಿತಿಯಲ್ಲಿ ಮೈ ಹೊಡೆದಾಟಕ್ಕೋ ಓಟಕ್ಕೋ ತಯಾರಾಗಿರುತ್ತದೆ. ಹೊಸದಾಗಿ ಯೋಚಿಸುವುದು, ಎದುರಿನವರ ಜಾಗದಲ್ಲಿ ನಿಂತು ನೋಡುವುದು, ತಮಾಷೆ ಮಾಡುವುದು ಯಾವುದೂ ಸುಲಭಕ್ಕೆ ಬರುವುದಿಲ್ಲ. ಹಳೇ ವಾದವೇ ಮತ್ತೆ ಮತ್ತೆ ಬಾಯಿಗೆ ಬರುತ್ತದೆ.

ಅವರದೇ ಇನ್ನೊಂದು ಪ್ರಯೋಗ ನನಗೆ ಬಹಳ ಇಷ್ಟ. ಜಗಳದ ಮಧ್ಯೆ ಒಬ್ಬರು ಬಂದು "ಸ್ವಲ್ಪ ಇರಿ, ಯಂತ್ರ ಸರಿಮಾಡಬೇಕು, ಅಲ್ಲಿವರೆಗೆ ಈ ಪತ್ರಿಕೆ ಓದ್ತಾ ಇರಿ" ಅಂದರು. ಜಗಳದ ವಿಷಯ ಎತ್ತಬೇಡಿ ಅಂತಲೂ ಹೇಳಿದರು. ಯಂತ್ರಕ್ಕೆ ಏನೂ ಆಗಿರಲಿಲ್ಲ. ಎದೆಬಡಿತ ಇಳಿದ ಮೇಲೆ ಮತ್ತೆ ಮಾತಿಗೆ ಬಿಟ್ಟರೆ, ಅದೇ ಜನ ಅದೇ ವಿಷಯವನ್ನು ಎಷ್ಟೋ ಮೆತ್ತಗೆ ಮಾತಾಡಿದರು. ಉಪದೇಶ ಇಲ್ಲ, ಪಾಠ ಇಲ್ಲ. ಪತ್ರಿಕೆ ಓದಿದ್ದಷ್ಟೇ!

ಬಿಡುವು ಕನಿಷ್ಠ 20 ನಿಮಿಷ ಇರಲಿ ಅಂತ ಹೇಳುವುದಕ್ಕೆ ಕಾರಣವೂ ಇದೇ. ಸ್ಪ್ರಿಂಕ್ಲರ್ ಮೋಟರ್ ನಿಲ್ಲಿಸಿದ ಕೂಡಲೇ ಪೈಪು ಖಾಲಿಯಾಗುವುದಿಲ್ಲ, ನೀರು ಸ್ವಲ್ಪ ಹೊತ್ತು ಬರುತ್ತಲೇ ಇರುತ್ತದೆ. ಮಾತು ನಿಂತ ಮೇಲೂ ಮೈಯೊಳಗಿನ ಅಡ್ರಿನಲಿನ್‌ನಂಥ ಒತ್ತಡದ ರಾಸಾಯನಿಕಗಳ ಪ್ರಭಾವ ಇಳಿಯಲು ಹಾಗೇ ಹೊತ್ತು ಬೇಕು. ಐದು ನಿಮಿಷಕ್ಕೆ "ನಾನೀಗ ಸರಿ ಇದ್ದೀನಿ" ಅಂತ ಅನಿಸುವುದು ಸಹಜ, ಆದರೆ ಅದನ್ನು ನಂಬಬೇಡಿ. ಮನಸ್ಸು ತಣ್ಣಗಾಯಿತು ಅಂದುಕೊಂಡಾಗಲೂ ನಾಡಿ ಇನ್ನೂ ಓಡುತ್ತಿರುತ್ತದೆ.

ಮೊದಲ ಹೆಜ್ಜೆ: ನಿಮ್ಮ ಗುರುತು ನೀವು ಕಂಡುಕೊಳ್ಳಿ

ಇದನ್ನು ಜಗಳ ಇಲ್ಲದ ದಿನ ಮಾಡಬೇಕು. ಬೆಳಿಗ್ಗೆ ಕಾಫಿ ಕುಡಿಯುವ ಮೊದಲು ಐದು ನಿಮಿಷ ಸುಮ್ಮನೆ ಕೂರಿ. ಅಂಗೈ ಮೇಲೆ ಮಾಡಿ, ಹೆಬ್ಬೆರಳ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ತೋರುಬೆರಳು, ನಡುಬೆರಳು ಇಡಿ. ಹೆಬ್ಬೆರಳಿನಿಂದ ನಾಡಿ ನೋಡಬೇಡಿ. ಅದರಲ್ಲೇ ಮಿಡಿತ ಇರುವುದರಿಂದ ಲೆಕ್ಕ ತಪ್ಪುತ್ತದೆ. 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ಇನ್ನೆರಡು ದಿನ ಹೀಗೇ ನೋಡಿದರೆ ನಿಮ್ಮ ಮಾಮೂಲಿ ನಾಡಿ ಎಷ್ಟು ಅಂತ ಸಿಗುತ್ತದೆ. ದೊಡ್ಡವರಲ್ಲಿ ಅದು ಸಾಮಾನ್ಯವಾಗಿ 60ರಿಂದ 100ರ ಒಳಗಿರುತ್ತದೆ.

ದಿನವೂ ಓಡುವವರ, ಚೆನ್ನಾಗಿ ಕ್ರೀಡಾಭ್ಯಾಸ ಇರುವವರ ನಾಡಿ ಮೊದಲೇ ಕಮ್ಮಿ ಇರುತ್ತದೆ. ಅವರಿಗೆ 80ರ ಸುಮಾರಿಗೇ ಉಕ್ಕು ಬಂದಿರಬಹುದು. ಬಿಪಿಗೆ ಬೀಟಾ ಬ್ಲಾಕರ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಲ್ಲಿ ಎಷ್ಟು ಸಿಟ್ಟು ಬಂದರೂ ನಾಡಿ ಅಷ್ಟಾಗಿ ಏರುವುದಿಲ್ಲ. ಅಂಥವರು ಸಂಖ್ಯೆ ಬಿಟ್ಟು ಬೇರೆ ಗುರುತು ನೋಡಬೇಕು. ಜ್ವರ, ರಕ್ತಹೀನತೆ, ಥೈರಾಯ್ಡ್ ತೊಂದರೆ, ಆಗಷ್ಟೇ ಕುಡಿದ ಸ್ಟ್ರಾಂಗ್ ಕಾಫಿ ಇವೆಲ್ಲ ನಾಡಿ ಏರಿಸಬಲ್ಲವು.

ನಿಜ ಹೇಳಬೇಕೆಂದರೆ ಜಗಳದ ನಡುವೆ ಯಾರೂ ನಾಡಿ ಹಿಡಿದು ಎಣಿಸುವುದಿಲ್ಲ. ಆಗ ಸಹಾಯಕ್ಕೆ ಬರುವುದು ಮೈಯ ಗುರುತು. ಹಿಂದಿನ ಜಗಳವನ್ನು ನೆನಪು ಮಾಡಿಕೊಂಡು, ಮಾತು ಕೈತಪ್ಪುವ ಸ್ವಲ್ಪ ಮೊದಲು ಮೈಗೆ ಏನಾಗಿತ್ತು ಅಂತ ನೋಡಿ. ಕೆಲವರಿಗೆ ದವಡೆ ಬಿಗಿಯುತ್ತದೆ. ಕೆಲವರ ಉಸಿರು ಹೊಟ್ಟೆ ಬಿಟ್ಟು ಎದೆಗೇರುತ್ತದೆ. ಕೈ ತಣ್ಣಗಾಗುವವರಿದ್ದಾರೆ, ಗಂಟಲು ಕಟ್ಟುವವರಿದ್ದಾರೆ. ಮಾತಿನಲ್ಲೂ ಗುರುತು ಸಿಗುತ್ತದೆ. "ನೀನು ಯಾವಾಗ್ಲೂ", "ನೀವು ಒಂದ್ ಸಲಾನೂ" ಅಂತ ಶುರುವಾಯಿತು, ಇವತ್ತಿನ ವಿಷಯ ಬಿಟ್ಟು ಮದುವೆಯ ಹೊತ್ತಿನ ಮಾತು ಬಂತು, ಒಂದೇ ಮಾತನ್ನು ಮೂರನೇ ಸಲ ಜೋರಾಗಿ ಹೇಳಿದಿರಿ ಅಂದರೆ ಗೆರೆ ಹತ್ತಿರ ಬಂದಿದೆ. ಇದರಲ್ಲಿ ಎರಡೇ ಎರಡು ಗುರುತು ಆರಿಸಿಕೊಂಡು ಸಂಗಾತಿಗೆ ಹೇಳಿಡಿ.

ಇಲ್ಲೊಂದು ವಿಷಯ ತುಂಬ ಜನರಿಗೆ ತಪ್ಪಿಹೋಗುತ್ತದೆ. ಕೂಗಾಡುವವರು ಮಾತ್ರ ಉಕ್ಕಿರುತ್ತಾರೆ ಅಂತಿಲ್ಲ. ಗೋಡೆ ನೋಡುತ್ತಾ, ಮೊಬೈಲ್ ತಿರುವುತ್ತಾ, ಉತ್ತರವೇ ಕೊಡದೆ ಕೂತ ಮನುಷ್ಯನ ಎದೆಬಡಿತವೂ ಏರಿರಬಹುದು. ಆ ಪ್ರಯೋಗಾಲಯದಲ್ಲೂ ಇದೇ ಕಂಡಿತ್ತು. ಹಾಗೆ ಮುಚ್ಚಿಕೊಂಡು ಕೂತವರಲ್ಲಿ ಗಂಡಸರೇ ಜಾಸ್ತಿ ಇದ್ದರು. ಹೆಂಡತಿಗೆ ಮಾತ್ರ "ಇವರಿಗೆ ಏನೂ ಅನ್ಸೋದೇ ಇಲ್ಲ" ಅಂತ ತೋರುತ್ತದೆ. ಹಾಗಾಗಿ ದನಿ ಇನ್ನೂ ಏರುತ್ತದೆ, ಅವನು ಇನ್ನೂ ಮುಚ್ಚಿಕೊಳ್ಳುತ್ತಾನೆ. ನಿಮ್ಮ ಮನೆಯಲ್ಲಿ ಸುಮ್ಮನಾಗುವವರು ಯಾರು ಅಂತ ಗೊತ್ತಿದ್ದರೆ, ಅವರ ಗುರುತಿನ ಪಟ್ಟಿಯಲ್ಲಿ ಮೌನವನ್ನೂ ಸೇರಿಸಿ.

ಎರಡನೇ ಹೆಜ್ಜೆ: ಒಪ್ಪಂದ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ್ದು ಇದಕ್ಕೆ. ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಕೂತು ಮಾತಾಡಿದರೆ ಸಾಕು. ಜಗಳದ ಮರುದಿನ ಬೇಡ, ಗಾಯ ಹಸಿ ಇರುತ್ತದೆ.

ಮೊದಲು ಬಿಡುವು ಕೇಳುವ ಮಾತೊಂದನ್ನು ಗೊತ್ತು ಮಾಡಿಕೊಳ್ಳಿ. ಅದರಲ್ಲಿ ಎದುರಿನವರ ತಪ್ಪು ಇರಬಾರದು. "ನೀನು ಮೊದಲು ಸಮಾಧಾನ ಮಾಡ್ಕೋ" ಅನ್ನುವುದು ಬಿಡುವಲ್ಲ, ಇನ್ನೊಂದು ಏಟು. "ನಂಗೆ ತಲೆ ಓಡ್ತಿಲ್ಲ, ಅರ್ಧ ಗಂಟೆ ಬಿಡುವು ಬೇಕು, ಒಂಬತ್ತೂವರೆಗೆ ಬರ್ತೀನಿ" ಅಂದರೆ ಮುಗಿಯಿತು. ಕಾರಣ ನನ್ನದು, ಹೊತ್ತು ಇಷ್ಟು, ವಾಪಸ್ ಬರುವುದು ಇಂಥ ಗಂಟೆಗೆ, ಈ ಮೂರೂ ಆ ಒಂದು ಮಾತಿನಲ್ಲಿ ಇರಬೇಕು. ಮಾತೇ ಹೊರಡದಷ್ಟು ಗಂಟಲು ಕಟ್ಟುವವರು ಕೈಸನ್ನೆ ಗೊತ್ತು ಮಾಡಿಕೊಳ್ಳಬಹುದು. ಕ್ರಿಕೆಟ್ ಅಂಪೈರ್ ಥರ್ಡ್ ಅಂಪೈರ್‌ಗೆ ಕೇಳುವಾಗ ಗಾಳಿಯಲ್ಲಿ ಚೌಕ ಬರೆಯುತ್ತಾರಲ್ಲ, ಅದನ್ನೇ ಇಟ್ಟುಕೊಂಡ ಜೋಡಿ ಒಂದಿದೆ. ನಗು ಬಂದರೂ ಪರವಾಗಿಲ್ಲ.

ಬಿಡುವು ಯಾರು ಬೇಕಾದರೂ ಕೇಳಬಹುದು, ಕೇಳಿದರೆ ಇನ್ನೊಬ್ಬರು ಬೇಡ ಅನ್ನುವಂತಿಲ್ಲ. ಇದು ಹೇಳಿದಷ್ಟು ಸುಲಭವಲ್ಲ. ಬೆನ್ನು ಹತ್ತುವ ಸ್ವಭಾವದವರಿಗೆ ಎದುರಿನವರು ಎದ್ದ ಕೂಡಲೇ ಎದೆ ಧಸಕ್ ಅನ್ನುತ್ತದೆ. "ಈಗ ಹೋದ್ರೆ ಇದು ಮುಗೀತು, ಮತ್ತೆ ಮಾತಾಡಲ್ಲ" ಅಂತ ಹಳೇ ಅನುಭವ ಹೇಳುತ್ತಿರುತ್ತದೆ. ಅವರ ಭಯ ಸುಳ್ಳಲ್ಲ, ಎಷ್ಟೋ ಸಲ ಹಾಗೇ ಆಗಿರುತ್ತದೆ. ಅದಕ್ಕೇ ಗಂಟೆ ಹೇಳಿ ಹೋಗುವುದನ್ನು ನಾನು ಅಷ್ಟು ಒತ್ತಿ ಹೇಳುವುದು. ನಾಲ್ಕಾರು ಸಲ ಹೇಳಿದ ಹೊತ್ತಿಗೆ ವಾಪಸ್ ಬಂದರೆ ಬಾಗಿಲಿಗೆ ಅಡ್ಡ ನಿಲ್ಲುವುದು ತಾನಾಗಿ ಕಮ್ಮಿಯಾಗುತ್ತದೆ.

ಹೊತ್ತು 20 ನಿಮಿಷಕ್ಕಿಂತ ಕಮ್ಮಿ ಬೇಡ. ಮಾಮೂಲಿಗೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಸರಿಹೋಗುತ್ತದೆ. ರಾತ್ರಿ ತಡವಾಗಿದ್ದರೆ ಮರುದಿನಕ್ಕೆ ಮುಂದೂಡಬಹುದು, ಆದರೆ 24 ಗಂಟೆ ದಾಟಬಾರದು. ಅದರಾಚೆಗೆ ಹೋದರೆ ಅದು ಮಾತು ಬಿಡುವುದೇ.

ಜಾಗದ ಪ್ರಶ್ನೆ ನಮ್ಮ ಕಡೆ ದೊಡ್ಡದು. ತೋಟದ ಮನೆಯಾದರೆ ಅಂಗಳ, ಕಣ, ಕೊಟ್ಟಿಗೆ ಅಂತ ಹೋಗುವುದಕ್ಕೆ ಜಾಗ ಇದೆ. ಹಾಸನದಲ್ಲಿ ಎರಡು ರೂಮಿನ ಬಾಡಿಗೆ ಮನೆಯಲ್ಲಿ ಮಕ್ಕಳು, ಅತ್ತೆ ಎಲ್ಲ ಇರುವವರು ಎಲ್ಲಿಗೆ ಹೋಗಬೇಕು? ತಾರಸಿ, ಬಚ್ಚಲುಮನೆ, ರಸ್ತೆ ಕೊನೆವರೆಗೆ ಒಂದು ಸುತ್ತು, ಏನಾದರೂ ಒಂದು ಗೊತ್ತು ಮಾಡಿಡಿ. ಎರಡು ಜಾಗಕ್ಕೆ ಮಾತ್ರ ನಾನು ಬೇಡ ಅನ್ನುತ್ತೇನೆ. ಬೈಕು, ಕಾರು ಓಡಿಸಬೇಡಿ. ಉಕ್ಕಿದ ತಲೆಯಲ್ಲಿ ಮಲೆನಾಡಿನ ತಿರುವು ರಸ್ತೆಗೆ ಇಳಿಯುವುದು ಅಪಾಯ. ಬಾರ್‌ಗೆ ಹೋಗಬೇಡಿ. ಕುಡಿದು ಬಂದರೆ ಆ ರಾತ್ರಿ ಮಾತು ಮುಂದುವರಿಸುವಂತಿಲ್ಲ, ಹೇಳಿದ ಗಂಟೆ ಸುಳ್ಳಾಗುತ್ತದೆ.

ಮನೆಯಲ್ಲಿ ಹಿರಿಯರಿದ್ದರೆ ಅವರಿಗೂ ಒಂದು ಮಾತು ಹೇಳಿಡಿ. ಸೊಸೆ ಅರ್ಧದಲ್ಲಿ ಎದ್ದು ಹೋದರೆ "ಎಷ್ಟು ಸೊಕ್ಕು ನೋಡು" ಅಂತಲೂ, ಮಗ ಹೋದರೆ "ಪಾಪ, ಅವನನ್ನ ಮನೆಬಿಟ್ಟು ಓಡಿಸಿದ್ಲು" ಅಂತಲೂ ಆಗುತ್ತದೆ. "ಅತ್ತೆ, ನಾವು ಸಿಟ್ಟಲ್ಲಿ ಮಾತಾಡಬಾರದು ಅಂತ ಅರ್ಧ ಗಂಟೆ ಬೇರೆ ಬೇರೆ ಕೂತ್ಕೋತೀವಿ. ನೀವು ಆವಾಗ ಯಾರನ್ನೂ ಏನೂ ಕೇಳ್ಬೇಡಿ, ಆಮೇಲೆ ನಾವೇ ಮಾತಾಡ್ತೀವಿ" ಅಂದರೆ ಹೆಚ್ಚಿನ ಅತ್ತೆಯಂದಿರು ಒಪ್ಪುತ್ತಾರೆ. ಮಗನೇ ಹೇಳಿದರೆ ಇನ್ನೂ ಬೇಗ ಒಪ್ಪುತ್ತಾರೆ, ಅದು ಬೇರೆ ವಿಷಯ. ಮಕ್ಕಳಿಗೆ "ಅಪ್ಪ ಅಮ್ಮ ಸ್ವಲ್ಪ ಹೊತ್ತು ಸುಮ್ನಿರ್ತಾರೆ, ಆಮೇಲೆ ಮಾತಾಡ್ತಾರೆ" ಅಂದರೆ ಸಾಕು.

ಒಪ್ಪಿದ್ದನ್ನು ನಾಲ್ಕೈದು ಸಾಲಿನಲ್ಲಿ ಬರೆದು ಬೀರುವಿನ ಬಾಗಿಲ ಒಳಬದಿಗೆ ಅಂಟಿಸಿ. ಆಮೇಲೆ ಸುಳ್ಳು ಜಗಳ ಆಡಿ ಒಂದು ಸಲ ಪ್ರಯೋಗ ಮಾಡಿ ನೋಡಿ. ಟಿವಿ ರಿಮೋಟಿಗೆ ಜಗಳ ಅಂದುಕೊಂಡು ಒಬ್ಬರು ಬಿಡುವು ಕೇಳಿ, ಹೋಗಿ, ವಾಪಸ್ ಬನ್ನಿ. ಬಾಯಿಗೆ ಆ ಮಾತಿನ ರೂಢಿ ಇಲ್ಲದಿದ್ದರೆ ನಿಜವಾದ ಸಿಟ್ಟಿನಲ್ಲಿ ಅದು ಹೊರಡುವುದಿಲ್ಲ.

ಮೂರನೇ ಹೆಜ್ಜೆ: ಬಿಡುವಿನಲ್ಲಿ ಏನು ಮಾಡಬೇಕು

ಬಿಡುವು ಕೆಡುವುದು ಹೆಚ್ಚಾಗಿ ಇಲ್ಲೇ. ಹೊರಗೆ ಹೋದ ಮನುಷ್ಯ ತಣ್ಣಗಾಗುವ ಬದಲು ವಾದ ಕಟ್ಟುತ್ತಾ ನಿಲ್ಲುತ್ತಾನೆ. "ಅವಳು ಹಾಗಂದ್ರೆ ನಾನು ಹೀಗನ್ಬೇಕಿತ್ತು" ಅಂತ ತಲೆಯಲ್ಲೇ ಎರಡನೇ ಸುತ್ತು ಶುರುವಾಗುತ್ತದೆ. ಇನ್ನು ಕೆಲವರು "ಇಷ್ಟು ವರ್ಷ ದುಡಿದು ಹಾಕಿದ್ದಕ್ಕೆ ಇದೇನಾ?" ಅಂತ ತಮಗೆ ಆದ ಅನ್ಯಾಯವನ್ನೇ ತಿರುವಿಹಾಕುತ್ತಾರೆ. ಎರಡರಲ್ಲೂ ಮೈ ಕೆಳಗಿಳಿಯುವುದಿಲ್ಲ. ಅರ್ಧ ಗಂಟೆ ಹೀಗೆ ಕಳೆದರೆ ಹೋದಾಗ ಇದ್ದದ್ದಕ್ಕಿಂತ ಜಾಸ್ತಿ ಬಿಸಿಯಾಗಿ ವಾಪಸ್ ಬರುತ್ತೀರಿ. ಅಮ್ಮನಿಗೋ ಅಕ್ಕನಿಗೋ ಫೋನ್ ಮಾಡಿ ಎಲ್ಲ ಹೇಳಿಕೊಳ್ಳುವುದೂ ಇದೇ ಗುಂಪಿಗೆ ಸೇರುತ್ತದೆ. ಅವರು ನಿಮ್ಮ ಪರವಾಗಿ ಇನ್ನೆರಡು ವಾದ ಕೊಡುತ್ತಾರೆ ಅಷ್ಟೆ. ಸಂಗಾತಿಗೆ ವಾಟ್ಸ್ಆ್ಯಪ್‌ನಲ್ಲಿ ಉದ್ದುದ್ದ ಬರೆಯುವುದಂತೂ ಬೇಡವೇ ಬೇಡ. ಅದು ಬೇರೆ ರೂಮಿನಿಂದ ಆಡುವ ಜಗಳ.

ಮೊದಲ ಐದು ನಿಮಿಷ ಉಸಿರಿಗೆ ಕೊಡಿ. ಮನಸ್ಸಿನಲ್ಲೇ ನಾಲ್ಕು ಎಣಿಸುವವರೆಗೆ ಮೂಗಿನಿಂದ ಎಳೆದುಕೊಳ್ಳಿ, ಆರು ಎಣಿಸುವವರೆಗೆ ನಿಧಾನ ಬಿಡಿ. ಉಸಿರು ಬಿಡುವಾಗ ಎದೆಬಡಿತ ಸ್ವಲ್ಪ ತಗ್ಗುತ್ತದೆ, ಆದ್ದರಿಂದ ಬಿಡುವ ಉಸಿರು ಉದ್ದ ಇರಬೇಕು. ತಲೆ ಹಗುರಾದಂತೆ, ಸುತ್ತಿದಂತೆ ಆದರೆ ತುಂಬ ಜೋರಾಗಿ ಎಳೆಯುತ್ತಿದ್ದೀರಿ ಅಂತ ಅರ್ಥ. ನಿಲ್ಲಿಸಿ ಮಾಮೂಲಿಯಾಗಿ ಉಸಿರಾಡಿ.

ಉಳಿದ ಹೊತ್ತಿಗೆ ಕೈಗೂ ಕಣ್ಣಿಗೂ ಕೆಲಸ ಬೇಕು, ಆದರೆ ಸಿಟ್ಟು ತೀರಿಸಿಕೊಳ್ಳುವಂಥ ಕೆಲಸ ಬೇಡ. ಸೌದೆ ಒಡೆಯುವುದು, ಬಟ್ಟೆ ಕುಕ್ಕುವುದು ನನ್ನ ಪ್ರಕಾರ ಅಷ್ಟು ಒಳ್ಳೆಯದಲ್ಲ. ಒಡೆಯುವಾಗಲೂ ಜಗಳದ ಮಾತೇ ತಲೆಯಲ್ಲಿ ತಿರುಗುತ್ತಿರುತ್ತದೆ. ಅವರೆಕಾಯಿ ಕಾಲವಾದರೆ ನೆನೆಸಿಟ್ಟ ಕಾಳು ಹಿತುಕಲು ಕೂರಿ. ಅಷ್ಟು ಒಳ್ಳೆಯ ಕೆಲಸ ಇನ್ನೊಂದಿಲ್ಲ. ಕಾಳುಮೆಣಸು ಆರಿಸುವುದು, ಬಟ್ಟೆ ಮಡಚುವುದು, ಅಂಗಳದಲ್ಲಿ ನಿಧಾನವಾಗಿ ಓಡಾಡುವುದು, ಪೇಪರ್ ಓದುವುದು ಎಲ್ಲ ಆಗುತ್ತದೆ. ಮನಸ್ಸು ಮತ್ತೆ ಜಗಳಕ್ಕೆ ಜಾರಿದಾಗ "ವಾದ ಕಟ್ತಿದ್ದೀನಿ" ಅಂತ ನಿಮಗೆ ನೀವೇ ಹೇಳಿಕೊಂಡು ಕೈಯಲ್ಲಿರುವ ಕೆಲಸಕ್ಕೆ ಕಣ್ಣು ತನ್ನಿ. ಹತ್ತು ಸಲ ಜಾರಿದರೆ ಹತ್ತು ಸಲವೂ ಹೀಗೇ ಮಾಡಿ.

ನಾಲ್ಕನೇ ಹೆಜ್ಜೆ: ಬರುವ ಮೊದಲು ಪರೀಕ್ಷೆ, ಬಂದ ಮೇಲೆ ಮೊದಲ ಮಾತು

ಹೇಳಿದ ಗಂಟೆಗೆ ಐದು ನಿಮಿಷ ಇದ್ದಾಗ ಎರಡು ವಿಷಯ ನೋಡಿಕೊಳ್ಳಿ. ನಾಡಿ ನಿಮ್ಮ ಮಾಮೂಲಿಯ ಹತ್ತಿರ ಬಂದಿದೆಯೇ? ಎದುರಿನವರು ಹೇಳುತ್ತಿದ್ದದ್ದನ್ನು ಅವರೇ "ಹೌದು, ಅದೇ" ಅನ್ನುವ ಹಾಗೆ ಒಂದು ವಾಕ್ಯದಲ್ಲಿ ಹೇಳಬಲ್ಲಿರಾ? ಎರಡನೆಯದೇ ನನಗೆ ಮುಖ್ಯ. "ಅವಳಿಗೆ ಹಠ ಸಾಧಿಸ್ಬೇಕು" ಅನ್ನುವುದು ಅವಳ ಮಾತಲ್ಲ, ನಿಮ್ಮ ತೀರ್ಪು. ಅದಷ್ಟೇ ಬರುತ್ತಿದ್ದರೆ ಇನ್ನೂ ಇಳಿದಿಲ್ಲ.

ಇಳಿದಿಲ್ಲದಿದ್ದರೂ ಹೇಳಿದ ಗಂಟೆಗೆ ಹೋಗಲೇಬೇಕು. ಹೋಗಿ "ಇನ್ನೂ ಆಗಿಲ್ಲ, ಇನ್ನರ್ಧ ಗಂಟೆ ಕೊಡು" ಅಂತ ಹೊಸ ಗಂಟೆ ಹೇಳಿ. ಹೇಳದೆ ಹೊತ್ತು ದಾಟಿಸಿದರೆ ಮುಂದಿನ ಸಲ ನಿಮ್ಮ ಬಿಡುವನ್ನು ಯಾರೂ ನಂಬುವುದಿಲ್ಲ.

ವಾಪಸ್ ಬಂದಾಗ ಬಿಡುವು ಕೇಳಿದವರೇ ಮೊದಲು ಬಾಯಿ ಬಿಡಬೇಕು. ತಮ್ಮ ವಾದದಿಂದ ಶುರುಮಾಡಬಾರದು, ಎದುರಿನವರ ಮಾತನ್ನು ತಾವು ಕೇಳಿಸಿಕೊಂಡ ಹಾಗೆ ಹೇಳಬೇಕು. ಅವರು ತಿದ್ದಿದರೆ ತಿದ್ದಿಸಿಕೊಂಡು, ಆಮೇಲೆ ತಮಗೆ ಬೇಕಾದ್ದನ್ನು ಕೇಳಬೇಕು. ಒಂದು ಸಲಕ್ಕೆ ಒಂದೇ ವಿಷಯ, 20 ನಿಮಿಷಕ್ಕಿಂತ ಉದ್ದ ಬೇಡ.

ಒಂದು ಮನೆಯ ರಾತ್ರಿ

ಇದು ನಾಲ್ಕಾರು ಮನೆಗಳ ಮಾತು ಸೇರಿಸಿ ನಾನು ಕಟ್ಟಿದ ಜೋಡಿ. ಮೂಡಿಗೆರೆ ಕಡೆ ನಾಲ್ಕು ಎಕರೆ ರೊಬಸ್ಟಾ ಕಾಫಿ ತೋಟ. ಕೊಯ್ಲು ಮುಗಿದು 60 ಮೂಟೆ ಚೆರಿ ಮನೆಯಲ್ಲೇ ಇದೆ. ರೇಟು ಏರಲಿ ಅಂತ ಗಂಡ ಕಾಯುತ್ತಿದ್ದಾನೆ. ಕೊಯ್ಲಿನ ಆಳುಗಳ ಸಂಬಳಕ್ಕೆ ಹೆಂಡತಿಯ ಒಡವೆ ಅಡ ಇಟ್ಟಿದ್ದಾರೆ, ಬಡ್ಡಿ ಕಟ್ಟುವ ಹೊತ್ತು ಬಂದಿದೆ. ಅತ್ತೆ ಹಾಲ್‌ನಲ್ಲಿ ಟಿವಿ ನೋಡುತ್ತಿದ್ದಾರೆ. ರಾತ್ರಿ 8:40.

"ರೀ, ಅರ್ಧ ಆದ್ರೂ ಕೊಟ್ಬಿಡಿ. ಬಡ್ಡಿ ಕಟ್ಬೇಕಲ್ಲ."

"ಈಗ ಕೊಟ್ರೆ ಲಾಸ್ ಮಾರಾಯ್ತಿ. ಇನ್ನೊಂದು ತಿಂಗ್ಳು ನೋಡಣ."

"ಹೋದ್ ವರ್ಷಾನೂ ಹಿಂಗೇ ಅಂದ್ರಿ. ಕಾದು ಕಾದು ಕಮ್ಮಿಗೇ ಕೊಟ್ರಿ."

"ಮಾರ್ಕೆಟ್ ಬಗ್ಗೆ ನಿಂಗೇನ್ ಗೊತ್ತು?"

ಇಲ್ಲಿಂದ ಮೂಟೆಯ ಮಾತು ಹೋಗಿ ಮರ್ಯಾದೆಯ ಮಾತು ಬಂತು. "ನಿಮ್ಮಣ್ಣ ಕೇಳಿದ್ರೆ ತಕ್ಷಣ ದುಡ್ಡು ಹುಟ್ಟುತ್ತೆ, ನನ್ನ ಒಡವೆ ಅಂದ್ರೆ ಮಾತ್ರ ಮಾರ್ಕೆಟ್ಟು" ಅಂದಳು ಅವಳು. ಅವನು ಸುಮ್ಮನಾದ. ಕಿವಿ ಬಿಸಿಯಾಗಿ ದವಡೆ ಬಿಗಿದಿತ್ತು. ಅವನು ಹೇಳಿಟ್ಟಿದ್ದ ಗುರುತು ಇವೇ ಎರಡು. ಅವಳು ಅದೇ ಮಾತನ್ನು ಮತ್ತೆ ಜೋರಾಗಿ ಹೇಳಿದಳು. 8:55ಕ್ಕೆ ಅವನು ಬಿಡುವು ಕೇಳಿದ: "ನಂಗೆ ತಲೆ ಓಡ್ತಿಲ್ಲ. ಒಂಬತ್ತೂವರೆಗೆ ಬರ್ತೀನಿ." ಬೈಕಿನ ಕೀಗೆ ಕೈ ಹೋಯಿತು, ಬಿಟ್ಟು ಕಣದ ಕಡೆ ನಡೆದ. "ಹಂಗೇ ಓಡ್ಹೋಗಿ, ಅದೊಂದು ಗೊತ್ತಲ್ಲ" ಅನ್ನುವುದು ಅವಳ ಬಾಯಿಗೆ ಬಂತು, ಅರ್ಧ ಹೊರಗೂ ಬಿತ್ತು. ಒಪ್ಪಂದ ಇದ್ದ ಮನೆಯಲ್ಲೂ ಇಷ್ಟು ಆಗುತ್ತದೆ.

ಅವನಿಗೆ ಕಣದಲ್ಲಿ ಹತ್ತು ನಿಮಿಷ ಅಣ್ಣನ ವಿಷಯವೇ ತಿರುಗಿತು. ಆಮೇಲೆ ಉಸಿರು ಎಣಿಸಿದ, ಒಣಗಲು ಹಾಕಿದ್ದ ಮೆಣಸಿನ ಟಾರ್ಪಾಲಿನ ಅಂಚು ಮಡಚಿ ಕಲ್ಲು ಇಟ್ಟ. ಒಂಬತ್ತೂವರೆಗೆ ಒಳಗೆ ಬಂದು ಹೇಳಿದ: "ಬಡ್ಡಿ ಬೆಳೀತಾ ಹೋದ್ರೆ ಒಡವೆ ಕೈ ತಪ್ಪುತ್ತೇನೋ ಅಂತ ನಿಂಗೆ ಭಯ. ಅಲ್ವಾ?"

ಅವಳು ಅಡುಗೆಮನೆಯಲ್ಲಿ ಅಷ್ಟೂ ಹೊತ್ತು ವಾದ ಕಟ್ಟುತ್ತಿದ್ದಳು. ಅವನು ಇಳಿದಿದ್ದ, ಅವಳು ಇಳಿದಿರಲಿಲ್ಲ. ಇಬ್ಬರಿಗೂ ಒಂದೇ ಹೊತ್ತಿನಲ್ಲಿ ಇಳಿಯಬೇಕು ಅಂತೇನಿಲ್ಲ. "ನಂಗೀಗ ಆಗಲ್ಲ ರೀ. ಬೆಳಿಗ್ಗೆ ಆರೂವರೆಗೆ, ಕಾಫಿ ಆದ್ಮೇಲೆ" ಅಂದಳು. ಅವನು "ಆಯ್ತು" ಅಂದ. "ನಾನೇ ಮೊದ್ಲು ಬಂದೆ, ನೀನು ಮಾತ್ರ" ಅಂತ ಶುರುಮಾಡಲಿಲ್ಲ. ಮಾಡಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು.

ಬೆಳಿಗ್ಗೆ ಅವಳ ಸರದಿ. ಎರಡನೇ ಬಿಡುವು ಕೇಳಿದ್ದು ಅವಳು, ಹಾಗಾಗಿ ಮೊದಲ ಮಾತೂ ಅವಳದು: "ನೀವು ವರ್ಷ ಪೂರ್ತಿ ದುಡಿದಿದ್ದು ಕಮ್ಮಿ ರೇಟಿಗೆ ಹೋದ್ರೆ ಹೊಟ್ಟೆ ಉರಿಯುತ್ತೆ. ಅದು ಗೊತ್ತು." ಮಾತು 20 ನಿಮಿಷದೊಳಗೆ ಮುಗಿಯಿತು. 25 ಮೂಟೆ ಈ ವಾರ ಕೊಟ್ಟು ಬಡ್ಡಿ ಕಟ್ಟುವುದು, ಉಳಿದ 35 ಇಟ್ಟುಕೊಳ್ಳುವುದು. ಅಣ್ಣನಿಗೆ ಕೊಟ್ಟ ದುಡ್ಡಿನ ಮಾತು ಅವತ್ತು ಎತ್ತಲಿಲ್ಲ, ಭಾನುವಾರಕ್ಕೆ ಇಟ್ಟರು.

ಇದು ಕೆಡುವ ರೀತಿ

ಬಿಡುವು ಹೇಳುತ್ತಾ ಕೊನೆಯ ಬಾಣ ಬಿಡುವುದು ಎಲ್ಲಕ್ಕಿಂತ ಸಾಮಾನ್ಯ. "ನಿನ್ನ ಹತ್ರ ಮಾತಾಡಿ ಪ್ರಯೋಜನ ಇಲ್ಲ, ಬಿಡುವು" ಅಂದರೆ ಎದುರಿನವರು ಅರ್ಧ ಗಂಟೆ ಆ ಬಾಣವನ್ನೇ ನೋಡುತ್ತಾ ಕೂರುತ್ತಾರೆ.

ಇನ್ನೊಂದು, ಕಷ್ಟದ ವಿಷಯ ಬಂದಾಗಲೆಲ್ಲ ಬಿಡುವು ಕೇಳುವುದು. ದುಡ್ಡಿನ ಮಾತು ಎತ್ತಿದ ಕೂಡಲೇ ಒಬ್ಬರಿಗೆ ತಲೆ ಓಡುವುದು ನಿಲ್ಲುತ್ತದೆ ಅಂದರೆ ಅನುಮಾನ ಪಡಬೇಕಾದ್ದೇ. ನಾನು ಹೇಳುವ ನಿಯಮ: ಒಂದೇ ವಿಷಯಕ್ಕೆ ಮೂರು ಸಲ ಬಿಡುವಾಗಿ ಮೂರು ಸಲವೂ ತೀರ್ಮಾನ ಆಗದಿದ್ದರೆ, ಇಬ್ಬರೂ ಒಪ್ಪುವ ಮೂರನೆಯವರ ಎದುರು ಕೂತು ಮಾತಾಡಿ. ಆ ಮೂರನೆಯವರು ಯಾರ ತವರಿನವರೂ ಆಗಿರಬಾರದು.

ಈ ಬರಹ ಎಲ್ಲ ಮನೆಗೂ ಅಲ್ಲ. ಹೊಡೆತ, ಹೆದರಿಕೆ, ಹೊರಗೆ ಹೋಗಲು ಬಿಡದಿರುವುದು, ದುಡ್ಡು ಫೋನ್ ಕಿತ್ತುಕೊಳ್ಳುವುದು ಇದ್ದ ಕಡೆ ಅದು ಜಗಳವಲ್ಲ, ದೌರ್ಜನ್ಯ. ಅಲ್ಲಿ ಬಿಡುವಿನ ಒಪ್ಪಂದ ಕೆಲಸ ಮಾಡುವುದಿಲ್ಲ, ಹೊಡೆಯುವವರ ಕೈಗೆ ಇನ್ನೊಂದು ಕೋಲು ಕೊಟ್ಟಂತಾಗುತ್ತದೆ. ತಕ್ಷಣದ ಅಪಾಯಕ್ಕೆ 112, ಮಹಿಳಾ ಸಹಾಯವಾಣಿಗೆ 181. ಜಗಳ ಇಲ್ಲದಾಗಲೂ ಎದೆ ಹೊಡೆದುಕೊಳ್ಳುವುದು, ನಿದ್ದೆ ಬಾರದಿರುವುದು, ಸಣ್ಣ ಮಾತಿಗೂ ಉಕ್ಕುವುದು ವಾರಗಟ್ಟಲೆ ನಡೆದಿದ್ದರೆ ಡಾಕ್ಟರಿಗೆ ತೋರಿಸಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಒಪ್ಪಂದ ಒಂದೇ ಸಲಕ್ಕೆ ಸರಿಯಾಗುವುದಿಲ್ಲ. ಪ್ರತಿ ಬಿಡುವಿನ ಮರುದಿನ ಎಲ್ಲಿ ತಪ್ಪಿತು ಅಂತ ಎರಡು ನಿಮಿಷ ಮಾತಾಡಿ, ಬೀರುವಿನ ಚೀಟಿ ತಿದ್ದಿ. ಮೂಡಿಗೆರೆಯ ಆ ಮನೆಯ ಚೀಟಿಗೆ ಮೂಟೆಯ ಜಗಳ ಆದ ಮೇಲೆ ಎರಡು ಸಾಲು ಸೇರಿತು. ಬಿಡುವು ಕೇಳಿದ ಮೇಲೆ ಇಬ್ಬರೂ ಒಂದು ಮಾತೂ ಆಡುವಂತಿಲ್ಲ, ಬಾಗಿಲು ದಾಟುವವರೆಗೂ. ಬೈಕಿನ ಕೀ ರಾತ್ರಿ ಎಂಟರ ಮೇಲೆ ಅತ್ತೆಯ ಹತ್ತಿರ ಇರುತ್ತದೆ.